ಮೂರನೆಯ ಚೌಕದ ಟಿಕ್

ಮಣಿಪಾಲದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪೆನಿ ನಡೆಸುವ ನನ್ನ ತಂಗಿಯ ಮಗಳ ಇಂಗ್ಲಿಷನ್ನು ತಿದ್ದಿಕೊಡುವುದು ಟೀಚರಾಗಿ ರಿಟೈರ್ ಆದ ಮೇಲೆ ಈ ವಯಸ್ಸಿನಲ್ಲಿ ನನಗೆ ಸಿಕ್ಕ ಕೆಲಸ. ಅವಳ ಮೊದಲ ಕೇಸ್ ಸ್ಟಡಿ, ಅಂದರೆ ಅವಳ ಸಾಫ್ಟ್‌ವೇರಿನಿಂದ ಗಿರಾಕಿಗೆ ಏನು ಲಾಭವಾಯಿತೆಂಬ ಬರಹ, ಕಾರ್ಕಳದ ಒಂದು ಗೇರುಬೀಜದ ಫ್ಯಾಕ್ಟರಿಯದು. ವೆಬ್‌ಸೈಟಿನಲ್ಲಿ ಅದನ್ನು ಹಾಕದಿದ್ದರೆ ಹೊಸ ಗಿರಾಕಿಗಳು ನಂಬುವುದಿಲ್ಲ, ಹಾಕಲು ಮಾಲೀಕರ ಪರ್ಮಿಶನ್ ಬೇಕು. ಇಬ್ಬರೂ ಹೋದೆವು.

ನಾವು ಒಯ್ದ ಪರ್ಮಿಶನ್ ಪತ್ರದಲ್ಲಿ, ಏನೇನು ಹಾಕಬಹುದೆಂದು ಕೇಳಿ, ಹೆಸರು, ಲೋಗೋ, ರಿಸಲ್ಟ್ ಎಂದು ಮೂರು ಚೌಕಗಳಿದ್ದವು. ಮಾಲೀಕರು ಮೊದಲೆರಡಕ್ಕೆ ಕೂಡಲೇ ಟಿಕ್ ಹಾಕಿದರು. ಮೂರನೆಯದರ ಮೇಲೆ ಪೆನ್ನು ನಿಂತಿತು.

"ಎಂತ ಆಯಿತು?" ಎಂದೆ.

"ಗೋದಾಮಿನಲ್ಲಿ ಯಾವ ಗ್ರೇಡಿನ ಬೀಜ ಎಷ್ಟುಂಟು ಅಂತ ಹೇಳಲು ಮೊದಲು ಮೂರು ದಿನ, ಈಗ ಒಂದು ಗಂಟೆ ಅಂತ ಬರೆದಿದ್ದೀರಿ. ಮೊದಲು ಆ ಲೆಕ್ಕ ಬರೆಯುತ್ತಿದ್ದದ್ದು ನಮ್ಮ ರೈಟರು ಅಂತ ಊರಿಗೆಲ್ಲ ಗೊತ್ತುಂಟು ಟೀಚರ್. ಅವರನ್ನು ನೋಡಿ ಜನ ನಗಬೇಕಾ?"

ಹುಡುಗಿಯ ಮುಖ ಬಾಡಿತು. ಆ ವಾಕ್ಯದ ಕಾಮಾಗಳನ್ನು ಅಷ್ಟು ಸಲ ತಿದ್ದಿದ ನನಗೆ, ಆ 'ಮೂರು ದಿನ'ದ ಹಿಂದೆ ಒಬ್ಬ ಮನುಷ್ಯ ಇರಬಹುದೆಂದು ಹೊಳೆದಿರಲಿಲ್ಲ.

"ಅವರನ್ನೇ ಕೇಳಬಹುದಲ್ವಾ?" ಎಂದೆ.

ಗೋದಾಮಿನ ರಿಜಿಸ್ಟರ್ ಬರೆಯುತ್ತಿದ್ದ ರೈಟರು ಬಂದರು. ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಮೂರಾ? ಎರಡೇ ದಿನ ಮಾರಾಯ್ರೆ! ಸುಳ್ಳು ಹಾಕಬೇಡಿ. ಸರಿ ಮಾಡಿ ಹಾಕಿ, ನನಗೇನಿಲ್ಲ."

"ಹೌದು, ಎರಡೇ," ಎಂದು ಮಾಲೀಕರು ನಕ್ಕರು. ಮೂರನ್ನು ಹೊಡೆದು ಎರಡೆಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಕೊನೆಯ ಚೌಕಕ್ಕೂ ಟಿಕ್ ಹಾಕಿದರು. ರೈಟರು ಮಾತ್ರ ಹೋಗಲಿಲ್ಲ.

"ಈ ಒಂದು ಗಂಟೆ ನಿಜವಾ ಮಗಾ? ನನ್ನ ಎದುರು ಒಮ್ಮೆ ಮಾಡಿ ತೋರಿಸು," ಎಂದು ಕುರ್ಚಿ ಎಳೆದು ಕುಳಿತರು.