‘ಅಥವಾ’ದ ಎರಡೂ ಕಡೆ

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಹಿರಿಯ ಮೇಷ್ಟ್ರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೂ ಅವರು ತಕ್ಕಡಿ ಸರ್, ಪ್ರಿನ್ಸಿಪಾಲರಿಗೂ ತಕ್ಕಡಿ ಸರ್. ಮನೆಯಲ್ಲೂ ಅದೇ ಕಥೆ. ‘ಇವ್ರು ಹಣ್ಣು ಕುಯ್ದು ಕೊಟ್ರೆ ಮಕ್ಕಳಿಗೆ ಜಗಳ ಆಡೋಕೂ ದಾರಿ ಇಲ್ಲ ಕಣ್ರೀ’ ಎಂದು ಅವರ ಹೆಂಡತಿ ನನ್ನ ಹತ್ತಿರ ಎಷ್ಟೋ ಸಲ ಹೇಳಿ ನಕ್ಕಿದ್ದರು.

ಈ ಹೆಸರು ಬಂದದ್ದು ಪ್ರಶ್ನೆಪತ್ರಿಕೆಯಿಂದ. ಪತ್ರಿಕೆಯಲ್ಲಿ ದೊಡ್ಡ ಪ್ರಶ್ನೆಗಳಿಗೆ ನಡುವೆ ‘ಅಥವಾ’ ಎಂದು ಹಾಕಿ ಎರಡು ಕೊಡುತ್ತಾರಲ್ಲ, ಒಂದನ್ನು ಬರೆದರೆ ಸಾಕು. ಆ ಎರಡು ಸಮವಾಗಿರಬೇಕು ಎನ್ನುವುದು ಅವರಿಗೆ ಹಟ. ಅಂಕ ಒಂದೇ ಇದ್ದರೆ ಸಾಲದು. ಎರಡೂ ಒಂದೇ ಪಾಠದಿಂದ ಬರಬೇಕು; ಒಂದು ಬಾಯಿಪಾಠ, ಇನ್ನೊಂದು ತಲೆ ಓಡಿಸುವುದು ಆಗಬಾರದು; ಬರೆಯಲು ಹಿಡಿಯುವ ಹೊತ್ತೂ ಒಂದೇ ಇರಬೇಕು. ಗಡಿಯಾರ ಎದುರಿಗಿಟ್ಟುಕೊಂಡು ಎರಡನ್ನೂ ತಾವೇ ಬರೆದು ನೋಡುತ್ತಿದ್ದರು. ಒಮ್ಮೆ ಇದನ್ನು ಮೊದಲು, ಇನ್ನೊಂದು ದಿನ ಅದನ್ನು ಮೊದಲು, ಏಕೆಂದರೆ ಎರಡನೆಯದಕ್ಕೆ ಬರುವಷ್ಟರಲ್ಲಿ ಕೈ ದಣಿದಿರುತ್ತದೆ. ‘ಆಯ್ಕೆ ಅಂದ್ರೆ ಬಲೆ ಆಗ್ಬಾರ್ದು ಮೇಡಂ. ಮಗು ಯಾವ್ದನ್ನ ಮುಟ್ಟಿದ್ರೂ ನಷ್ಟ ಆಗ್ಬಾರ್ದು’ ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ‘ಸಾಕು ಸರ್, ನಿಮ್ಮ ತೂಕ ನೋಡಿ ನೋಡಿ ನಮ್ಗೆ ತಲೆ ತಿರುಗ್ತಿದೆ’ ಎಂದು ಬೈಯುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಅವರು ಮೂರು ದಿನ ‘ಡ್ಯೂಟಿ’ ಎಂದು ಹೋಗಿ ಬಂದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳಬಾರದು ಎನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಪಬ್ಲಿಕ್ ಪರೀಕ್ಷೆಗೆ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ತೆಗೆಯುವ, ಬಾಗಿಲಲ್ಲೇ ಫೋನು ಇಸಿದುಕೊಂಡು ಒಳಗೆ ಬಿಡುವ ಕೋಣೆ ಅದು. ಮಸೂರದ ಪಾಠದಿಂದ ಐದು ಅಂಕದ ಒಂದು ಪ್ರಶ್ನೆ. ಮೊದಲ ಆಯ್ಕೆಯಲ್ಲಿ ಕಿರಣಗಳ ಚಿತ್ರಕ್ಕೆ ಮೂರು ಅಂಕ, ಬೇರೊಂದು ಮಸೂರದ ಸಾಮರ್ಥ್ಯ ಕಂಡುಹಿಡಿಯಲು ಎರಡು. ‘ಅಥವಾ’ದ ಕೆಳಗೆ ಲೆಕ್ಕ: ಬಿಂಬ ಎಷ್ಟು ದೂರದಲ್ಲಿ ಮೂಡುತ್ತದೆ ಎನ್ನಲು ಮೂರು, ಬೇರೆಯದೇ ಅಂಕಿಗಳನ್ನು ಕೊಟ್ಟು ಅದು ಎಷ್ಟು ಪಟ್ಟು ದೊಡ್ಡದು ಎನ್ನಲು ಎರಡು. ಜೊತೆಗಿದ್ದ ಪರಿಶೀಲಕರೊಬ್ಬರು ‘ಈ ಕೊನೇ ಅಂಕಿಗಳು ಪುಸ್ತಕದ ಉದಾಹರಣೆಯಲ್ಲೇ ಇವೆ, ಬದಲಾಯಿಸಿ ಸಾರ್’ ಎಂದರು. ನ್ಯಾಯವಾದ ಮಾತೇ. ತಕ್ಕಡಿ ಸರ್ ಆ ಅಂಕಿಗಳನ್ನು ಹೊಡೆದು ಹಾಕಿ ‘ಮೇಲಿನ ಉತ್ತರವನ್ನು ಬಳಸಿ’ ಎಂದು ಬರೆದರು. ಮತ್ತೆ ಗಡಿಯಾರ ಇಟ್ಟು ಬರೆದು ನೋಡಿದರು. ಅದೇ ಅಂಕ, ಅದೇ ಪಾಠ, ಅದೇ ಹೊತ್ತು. ಪತ್ರಿಕೆ, ಉತ್ತರಸೂಚಿ ಎರಡಕ್ಕೂ ಮೊಹರು ಬಿತ್ತು.

ಅವರು ತೂಗದೆ ಬಿಟ್ಟದ್ದು ಒಂದೇ. ಮೊದಲ ಹೆಜ್ಜೆಯಲ್ಲಿ ಎಡವಿದವರ ಗತಿ ಏನು? ಚಿತ್ರ ತಪ್ಪಿದರೂ ಮಸೂರದ ಸಾಮರ್ಥ್ಯಕ್ಕೆ ಎರಡು ಅಂಕ ಸಿಗುತ್ತದೆ. ಲೆಕ್ಕದಲ್ಲಿ ಮೊದಲ ಉತ್ತರ ತಪ್ಪಿದರೆ ಎರಡನೆಯದೂ ಅದರ ಜೊತೆಗೇ ಕೊಚ್ಚಿಹೋಗುತ್ತದೆ. ಹೀಗೆ ತೂಗಲು ಮರೆಯುವ ತಪ್ಪು ದಡ್ಡರು ಮಾಡುವಂಥದ್ದಲ್ಲ. ಲೆಕ್ಕದಲ್ಲಿ ತಾವು ಎಂದೂ ಎಡವದ ಮನುಷ್ಯರು ಮಾತ್ರ ಮಾಡುವಂಥದ್ದು.

ಅದು ಅವರಿಗೆ ಹೊಳೆದದ್ದು ನನ್ನಿಂದಲೇ. ನಾನು ಕಿರುಪರೀಕ್ಷೆಗೆ ವಿದ್ಯುತ್ತಿನ ಪಾಠದಿಂದ ಅಂಥದೇ ಒಂದು ಲೆಕ್ಕ ಕೊಟ್ಟಿದ್ದೆ, ಒಂದರ ಉತ್ತರದ ಮೇಲೆ ಇನ್ನೊಂದು. ಸ್ಟಾಫ್ ರೂಮಿನಲ್ಲಿ ಕುಳಿತು ತಿದ್ದುತ್ತ ‘ನೋಡಿ ಸರ್ ಈ ಕರ್ಮಾನ! ಜಾಣ ಹುಡ್ಗಿ, ಮೊದ್ಲು ಒಂದು ಕೂಡೋದು ತಪ್ಪಿದ್ಲು, ಆಮೇಲೆ ಎಲ್ಲಾ ಸರಿ ಮಾಡಿದ್ರೂ ಸೊನ್ನೆ’ ಎಂದೆ. ಅವರು ಹಾಳೆ ಇಸಿದುಕೊಂಡು ನೋಡಿದರು. ಮುಖ ಬಿಳಿಚಿಕೊಂಡಿತು. ‘ಹುಷಾರಿಲ್ವಾ ಸರ್?’ ಎಂದೆ. ‘ಏನಿಲ್ಲ’ ಎಂದರು. ಮಧ್ಯಾಹ್ನದ ತರಗತಿ ಬಿಟ್ಟು ಎಲ್ಲಿಗೋ ಹೋದರು. ಅಷ್ಟು ವರ್ಷದಲ್ಲಿ ಅವರು ತರಗತಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೋದದ್ದು ಪರೀಕ್ಷಾ ಸಮಿತಿಯ ಅಧ್ಯಕ್ಷರ ಬಳಿಗೆ. ಅಧ್ಯಕ್ಷರು ಕೆಟ್ಟವರೇನಲ್ಲ, ಆತುರದ ಮನುಷ್ಯ. ‘ಮೂರು ಸೆಟ್ ಇದೆ. ಯಾವ್ದನ್ನ ತೆಗೀತಾರೋ ನಿಮ್ಗೂ ಗೊತ್ತಿಲ್ಲ, ನನ್ಗೂ ಗೊತ್ತಿಲ್ಲ. ನಿಮ್ಮದೇ ಬಂದ್ರೆ ಉತ್ತರಸೂಚಿಯಲ್ಲಿ ಒಂದು ಸಾಲು ಸೇರ್ಸೋಣ ಬಿಡಿ, ಮೊದಲ ಉತ್ತರ ತಪ್ಪಿದ್ರೂ ಅದನ್ನೇ ಹಿಡ್ಕೊಂಡು ಮುಂದಿಂದು ಸರಿ ಮಾಡಿದ್ರೆ ಅಂಕ ಕೊಡಿ ಅಂತ’ ಎಂದರು. ಅದು ಸರಿಯಾದ ಮದ್ದೇ ಆಗಿತ್ತು. ತಕ್ಕಡಿ ಸರ್ ನಂಬಿಕೊಂಡು ವಾಪಸು ಬಂದರು. ಆದರೂ ಆ ದಿನದಿಂದ ಅವರ ಊಟ ನೆಟ್ಟಗಿರಲಿಲ್ಲ.

ಇನ್ನು ಲ್ಯಾಬ್ ಅಕ್ಕನ ವಿಷಯ. ನಮ್ಮ ಪ್ರಯೋಗಾಲಯದಲ್ಲಿ ಗಾಜು ಒರೆಸಿ, ತಂತಿ ಸುತ್ತಿ, ಮಸೂರಗಳನ್ನು ಬಟ್ಟೆಯಲ್ಲಿ ಕಟ್ಟಿಡುವ ಹೆಂಗಸು. ನಾವೆಲ್ಲ ಕರೆಯುವುದು ಅಕ್ಕ ಎಂದೇ. ಸರ್ ಪತ್ರಿಕೆ ತೆಗೆದ ಆ ಭೌತಶಾಸ್ತ್ರದ ಪರೀಕ್ಷೆಯನ್ನೇ ಮಕ್ಕಳ ಜೊತೆ ಕೂತು ಪಾಸು ಮಾಡಿದರೆ ಕೆಲಸ ಕಾಯಂ. ಆಗದಿದ್ದರೆ ವರ್ಷದ ಕೊನೆಗೆ ಮನೆಗೆ. ಎರಡು ಸಲ ಕೂತು ಎರಡೂ ಸಲ ಕೈತಪ್ಪಿತ್ತು. ಹಳೆಯ ಪಠ್ಯಕ್ಕೆ ಆ ವರ್ಷದ್ದೇ ಕಡೆಯ ಪರೀಕ್ಷೆ, ಅಕ್ಕನಿಗೂ ಅದೇ ಕಡೆಯ ಅವಕಾಶ. ಸಂಜೆ ಲ್ಯಾಬಿನಲ್ಲಿ ಕೂರಿಸಿಕೊಂಡು ನಾನು ಹೇಳಿಕೊಡುತ್ತಿದ್ದೆ.

ತಕ್ಕಡಿ ಸರ್ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಅದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಪತ್ರಿಕೆ ತೆಗೆದವರ ಸಂಬಂಧಿಕರು ಪರೀಕ್ಷೆಗೆ ಕೂತಿರಬಾರದು ಎಂಬ ನಿಯಮ ಇದೆ, ಸರಿ. ಅಕ್ಕ ಸಂಬಂಧಿಕಳಲ್ಲ. ಆದರೂ ದಿನಾ ಎದುರಿಗೆ ಓಡಾಡುವವಳಿಗೆ ಬಾಯಿತಪ್ಪಿ ಒಂದು ಮಾತು ಹೇಳಿಬಿಟ್ಟರೆ ಎಂದು ಅವರಿಗೆ ಹೆದರಿಕೆ ಇತ್ತಂತೆ. ಆಗ ನನಗೆ ಅದು ಹೇಗೆ ತಿಳಿಯಬೇಕು? ದೊಡ್ಡಸ್ತಿಕೆ ಅಂದುಕೊಂಡಿದ್ದೆ.

ಪರೀಕ್ಷೆಗೆ ಕೆಲವೇ ದಿನ ಇರುವಾಗ ಒಂದು ಸಂಜೆ ಅವರು ಏನನ್ನೋ ಹುಡುಕುತ್ತ ಲ್ಯಾಬಿಗೆ ಬಂದರು. ಅಕ್ಕ ಆಗಷ್ಟೇ ನನ್ನನ್ನು ಕೇಳುತ್ತಿದ್ದಳು, ‘ಮೇಡಂ, ಎರಡು ಕೊಟ್ಟಿರ್ತಾರಲ್ಲ, ಯಾವ್ದನ್ನ ಬರೀಲಿ? ಚಿತ್ರ ಅಂದ್ರೆ ನನ್ ಕೈ ನಡುಗುತ್ತೆ.’

‘ಹಾಗಾದ್ರೆ ಕಣ್ಣು ಮುಚ್ಕೊಂಡು ಲೆಕ್ಕ ತಗೊಳ್ಳಿ ಅಕ್ಕಾ’ ಎಂದೆ. ‘ಎರಡೂ ಕಡೆ ಸಮ ಇರುತ್ತೆ. ಯಾವ್ದು ಬರೆದ್ರೂ ನಷ್ಟ ಇಲ್ಲ. ಬೇಕಾದ್ರೆ ಸರ್‌ನೇ ಕೇಳಿ. ಅಲ್ವಾ ಸರ್?’

ಅವರು ಬೀರುವಿನ ಬಾಗಿಲು ಹಿಡಿದು ನಿಂತಿದ್ದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು, ದೇವರ ಮುಂದೆ ನಿಂತವಳ ಹಾಗೆ. ಹೊರಗೆ ಮೈದಾನದಲ್ಲಿ ಮಕ್ಕಳ ಗದ್ದಲ ಕೇಳುತ್ತಿತ್ತು.

‘ಬರೋದನ್ನ ಬರೀರಿ’ ಎಂದಷ್ಟೇ ಹೇಳಿ ಹೊರಟುಹೋದರು. ಹುಡುಕಲು ಬಂದದ್ದನ್ನು ತೆಗೆದುಕೊಳ್ಳಲೇ ಇಲ್ಲ.

ಪರೀಕ್ಷೆಯ ದಿನ ಅವರು ಸ್ಟಾಫ್ ರೂಮಿನಲ್ಲಿ ಕುಳಿತಿದ್ದರು. ಪತ್ರಿಕೆ ಹಂಚಿ ಅರ್ಧ ಗಂಟೆಯಾದ ಮೇಲೆ ಜವಾನ ಒಂದು ಪ್ರತಿ ತಂದು ಮೇಜಿನ ಮೇಲಿಟ್ಟ. ಸರ್ ಅದನ್ನು ಕೈಯಿಂದ ಮುಟ್ಟಲಿಲ್ಲ, ಕುಳಿತಲ್ಲಿಂದಲೇ ಮೊದಲ ಪುಟ ನೋಡಿದರು. ಅವರದೇ ಸೆಟ್ಟು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು, ಮತ್ತೆ ಎದ್ದು ಹೋಗಿ ತೊಳೆದುಕೊಂಡರು. ‘ಏನ್ ಸರ್, ಇವತ್ತು ಮದುವೆ ಗಂಡಿನ ಥರ’ ಎಂದು ಯಾರೋ ಚೇಷ್ಟೆ ಮಾಡಿದರು. ಅವರು ನಗಲಿಲ್ಲ.

ಅಕ್ಕ ಹೊರಬಂದಾಗ ಮುಖ ಅರಳಿತ್ತು. ‘ಲೆಕ್ಕಾನೇ ಮಾಡ್ದೆ ಮೇಡಂ. ಬಿಂಬ ಹನ್ನೆರಡು ಸೆಂಟಿಮೀಟರಲ್ಲಿ ಬಂತು’ ಎಂದಳು. ಅರವತ್ತು ಬರಬೇಕಿತ್ತು. ವಸ್ತುವಿನ ದೂರಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆತು, ಕಳೆಯಬೇಕಾದಲ್ಲಿ ಕೂಡಿಬಿಟ್ಟಿದ್ದಳು. ಆ ಹನ್ನೆರಡನ್ನೇ ಹಿಡಿದು ಮುಂದಿನದನ್ನು ಮಾಡಿದ್ದಳು, ಆ ಭಾಗದ ಸೂತ್ರವೂ ಚಿಹ್ನೆಯೂ ಸರಿಯಾಗಿಯೇ. ‘ಆಯ್ತು ಬಿಡಿ ಅಕ್ಕಾ, ಮುಂದಿಂದಕ್ಕೆ ಅಂಕ ಬರುತ್ತೆ’ ಎಂದು ಸಮಾಧಾನಕ್ಕೆ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಸರ್ ಅದನ್ನು ಕೇಳಿಸಿಕೊಂಡರು. ಅಲ್ಲಿಂದಲೇ ಅಧ್ಯಕ್ಷರಿಗೆ ಫೋನು ಹಚ್ಚಿದರು. ‘ನೆನಪಿದೆ, ನೆನಪಿದೆ’ ಎಂದರಂತೆ ಅಧ್ಯಕ್ಷರು.

ನೆನಪಿರಲಿಲ್ಲ. ಮೌಲ್ಯಮಾಪಕರ ಕೈಗೆ ಹೋದದ್ದು ಹಳೆಯ ಉತ್ತರಸೂಚಿಯೇ. ಸೂತ್ರಕ್ಕೆ ಒಂದು ಅಂಕ, ಮಿಕ್ಕದ್ದಕ್ಕೆ ಸೊನ್ನೆ. ಅಕ್ಕ ಫೇಲಾದಳು, ಎರಡೇ ಎರಡು ಅಂಕದಲ್ಲಿ.

ತಕ್ಕಡಿ ಸರ್ ಆಗ ಸುಮ್ಮನೆ ಕೂರಲಿಲ್ಲ. ತಪ್ಪು ತಮ್ಮದು, ‘ಅಥವಾ’ದ ಎರಡು ಕಡೆ ಸಮವಿರಲಿಲ್ಲ, ಲೆಕ್ಕ ಆರಿಸಿಕೊಂಡ ಎಲ್ಲರ ಹಾಳೆಗಳನ್ನೂ ಮತ್ತೆ ನೋಡಿ ಎಂದು ಸಮಿತಿಯ ಎದುರು ನಿಂತು ಹೇಳಿದರು. ಫಲಿತಾಂಶ ಬಂದ ಮೇಲೆ ಉತ್ತರಸೂಚಿ ಬದಲಾಗುವುದಿಲ್ಲ ಎಂದರು ಸಮಿತಿಯವರು. ಬೇಕಾದವರು ಮರುಮೌಲ್ಯಮಾಪನಕ್ಕೆ ಹಾಕಲಿ. ಆದರೆ ಅದೂ ಅದೇ ಸೂಚಿಯ ಪ್ರಕಾರವೇ. ಇನ್ನು ಮುಂದೆ ಪತ್ರಿಕೆ ತೆಗೆಯಲು ಬರುವುದು ಬೇಡ ಎಂದೂ ಸರ್‌ಗೆ ಹೇಳಿ ಕಳುಹಿಸಿದರು. ಅಧ್ಯಕ್ಷರು ಮಾತ್ರ ಹಾಯಾಗಿ ಕೈ ತೊಳೆದುಕೊಂಡರು. ಇವತ್ತಿಗೂ ಆ ಮನುಷ್ಯ ಎದುರಿಗೆ ಸಿಕ್ಕರೆ ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಅಕ್ಕನ ಕೆಲಸದ ಕಡೆಯ ದಿನ ನಾನು ಲ್ಯಾಬಿನಲ್ಲಿದ್ದೆ. ಅವಳು ಮಸೂರಗಳನ್ನು ಎಣಿಸಿ ಒಪ್ಪಿಸುತ್ತಿದ್ದಳು. ಸರ್ ಬಂದರು. ಅಕ್ಕ ಎದ್ದು ನಿಂತು, ಅವರು ಬಾಯಿ ತೆರೆಯುವ ಮೊದಲೇ ಹೇಳಿದಳು, ‘ಬೇಜಾರ್ ಮಾಡ್ಕೋಬೇಡಿ ಸರ್. ಪೇಪರ್ ಎರಡೂ ಕಡೆ ಸಮಾನೇ ಇತ್ತು. ನನ್ ತಲೆಗೆ ಹತ್ಲಿಲ್ಲ ಅಷ್ಟೆ.’

‘ಸಮ ಇರ್ಲಿಲ್ಲ’ ಎಂದರು ಸರ್. ‘ಪ್ರಶ್ನೆ ತೆಗೆದಿದ್ದು ನಾನು. ಚಿತ್ರ ಬರೆದೋರಿಗೆ ತಪ್ಪಿದ್ರೂ ಎರಡು ಅಂಕ ಉಳೀತಿತ್ತು, ಲೆಕ್ಕ ಮಾಡಿದೋರಿಗೆ ಉಳೀತಿರ್ಲಿಲ್ಲ. ನಿಮ್ಮ ತಲೇಲಿ ಏನೂ ತಪ್ಪಿಲ್ಲ.’

ಅಕ್ಕ ಕೈಯಲ್ಲಿದ್ದ ಮಸೂರವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

‘ಯಾವಾಗ ಗೊತ್ತಾಯ್ತು ಸರ್?’

‘ಪರೀಕ್ಷೆಗೆ ಮೊದ್ಲೇ.’

‘ಅಂದ್ರೆ ಆವತ್ತು ಸಂಜೆ, ಮೇಡಂ ಲೆಕ್ಕ ತಗೊಳ್ಳಿ ಅಂದಾಗ, ನೀವು ಇಲ್ಲೇ ಇದ್ರಲ್ಲ, ಆಗ?’

‘ಗೊತ್ತಿತ್ತು.’

ಹೇಳಿದ್ದರೆ ಅವರು ಪತ್ರಿಕೆ ಸೋರಿಸಿದ ಹಾಗಾಗುತ್ತಿತ್ತು. ಸಾವಿರಾರು ಮಕ್ಕಳಿಗಿಲ್ಲದ್ದು ಒಬ್ಬಳಿಗೆ ಸಿಗುತ್ತಿತ್ತು. ಇದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೆಂಗಸಿನ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಅಕ್ಕ ಮಸೂರವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಬೀಗದ ಕೈ ಒಪ್ಪಿಸಬೇಕಾಗಿದ್ದದ್ದು ವಿಭಾಗದ ಹಿರಿಯರಾದ ಸರ್‌ಗೆ. ಅವಳು ಅವರನ್ನು ದಾಟಿ ಬಂದು ಅದನ್ನು ನನ್ನ ಕೈಗೆ ಕೊಟ್ಟು ಹೊರಟುಹೋದಳು.