ಕೊಂಡು ತಂದ ಕಸ

ಕಸವನ್ನು ಅಂಗಡಿಯಲ್ಲಿ ಕೊಂಡು ತಂದವನು ನಾನು. ತಂದು ಸುಮ್ಮನಿರಲಿಲ್ಲ. ಅದು ಹಳೆಯದಾಗಿ ಕಾಣಲಿ ಎಂದು ಹಿತ್ತಲಿನ ಮಣ್ಣಿನಲ್ಲಿ ಉಜ್ಜಿದೆ, ಒಲೆಯ ಬೂದಿ ಬಳಿದೆ, ಒಂದೆರಡು ಕಡೆ ಹಲ್ಲಿನಿಂದ ಕಚ್ಚಿಯೂ ನೋಡಿದೆ. ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಮರುದಿನ, ಕಸವಲ್ಲದ್ದನ್ನು ಕಸವೆಂದು ತಿಳಿದು ಎಸೆದವನೂ ನಾನೇ. ನಗಲಾಗದ್ದು ಅದು.

ಆಗ ತಿಕೋಟಾದ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಓದಿಗಿಂತ ಬೇರೆಯವರ ಧ್ವನಿ ನಕಲು ಮಾಡುವುದಕ್ಕೆ ಹೆಸರಾಗಿದ್ದೆ. ಹೆಡ್ಮಾಸ್ತರರು ಮಾತಿಗೆ ಮೊದಲು ಎರಡು ಸಲ ಕೆಮ್ಮುವುದು, ವಿಜಯಪುರ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರಿನ ಹೆಸರು ಕೂಗುವುದು, ಬಟ್ಟೆ ಅಳೆಯುವಾಗ ದರ್ಜಿಯಾದ ನಮ್ಮ ಅಬ್ಬಾ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಗಿರಾಕಿಯ ಸಂಗಡ ಜಗಳಾಡುವುದು, ಎಲ್ಲವೂ ಬರುತ್ತಿದ್ದವು. ನನ್ನ ಸ್ವಂತ ಧ್ವನಿ ಆ ವರ್ಷವೇ ಒಡೆದು, ಒಂದು ಮಾತು ಕೋಳಿಯದಾದರೆ ಇನ್ನೊಂದು ಕೋಣದ್ದಾಗುತ್ತಿತ್ತು. ಅದಕ್ಕಿಂತ ಹೆಡ್ಮಾಸ್ತರರದ್ದೇ ವಾಸಿ ಎಂದು ಅದರಲ್ಲೇ ಹೆಚ್ಚು ಮಾತಾಡುತ್ತಿದ್ದೆ.

ಅಕ್ಟೋಬರ್‌ನಲ್ಲಿ ಒಂದು ದಿನ ನಮ್ಮ ಕ್ಲಾಸ್ ಟೀಚರ್ ಬಂದು, ರಾಜ್ಯೋತ್ಸವಕ್ಕೆ ಪ್ರತಿ ವರ್ಗವೂ ತನ್ನ ಕೋಣೆಯನ್ನು ತಾನೇ ಅಲಂಕರಿಸಬೇಕು, ತಂದೆ ತಾಯಿ ನೋಡಲು ಬರುತ್ತಾರೆ ಎಂದರು. ಬೋರ್ಡಿನ ಮೇಲೆ ಕೋಣೆಯ ನಕಾಶೆ ಬರೆದು ಬಾಗಿಲು, ಕಿಟಕಿ, ಹಿಂದಿನ ಗೋಡೆ, ಮೂಲೆ ಎಂದು ಪಾಲು ಹಾಕಿದರು.

"ಕೊಂಡ ಸಾಮಾನು ಒಂದೂ ಒಳಗ ಬರಬಾರದು ನೋಡ್ರಿ. ಎಲ್ಲಾ ಕಸದಾಗಿಂದನ ಆಗಬೇಕು. ಒಂದೊಂದರ ಕೆಳಗೂ ಚೀಟಿ ಇರಬೇಕು, ಇದು ಮೊದಲ ಏನಿತ್ತು, ಯಾರ ಮನ್ಯಾಗಿತ್ತು ಅಂತ. ತ್ವಾಟದಾಗಿನ ಔಷಧದ ಬಾಟ್ಲಿ ಯಾರರೆ ಮುಟ್ಟಿದ್ರ ಕೈ ಮುರೀತೀನಿ."

ಕೊನೆಯ ಮಾತು ನಮ್ಮೂರಿಗೆ ಬೇಕಾದದ್ದೇ. ದ್ರಾಕ್ಷಿ ತೋಟಗಳ ನಡುವೆ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಕಸವೆಂದರೆ ಸಿಂಪಡಿಸುವ ಔಷಧದ ಖಾಲಿ ಬಾಟಲಿ. ಬಣ್ಣಬಣ್ಣದ್ದು, ಚಂದದ್ದು, ವಿಷದ್ದು.

ಹಿಂದಿನ ಗೋಡೆಯನ್ನು ಬಿಜ್ಜರಗಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿಕೊಂಡಳು. ಅವಳ ಅಪ್ಪ ಒಬ್ಬರ ದ್ರಾಕ್ಷಿ ತೋಟ ನೋಡಿಕೊಂಡು ಅಲ್ಲಿಯೇ ಮನೆ ಮಾಡಿದ್ದ. ಮಾಲೀಕರು ಅವನನ್ನು ಬಬಲೇಶ್ವರದ ಕಡೆಯ ತಮ್ಮ ಇನ್ನೊಂದು ತೋಟಕ್ಕೆ ಕಳಿಸುವವರಿದ್ದರು; ರಾಜ್ಯೋತ್ಸವ ಮುಗಿದ ಮೇಲೆ ಅವಳ ಸಾಲೆಯೂ ಅಲ್ಲಿಗೇ. ಇದು ವರ್ಗಕ್ಕೆಲ್ಲ ಗೊತ್ತಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನಂತೂ ಎತ್ತಲೇ ಇಲ್ಲ. ಆ ಮಾತಿಗೆ ಯಾರ ಧ್ವನಿ ಹೊಂದುತ್ತದೆ ಎಂದು ತಿಳಿಯುತ್ತಿರಲಿಲ್ಲ.

ಅವಳ ಯೋಜನೆ ದ್ರಾಕ್ಷಿಯ ಹಂದರ. ಆಗ ತೋಟಗಳಲ್ಲಿ ಚಾಟ್ನಿ ನಡೆದಿತ್ತು. ಚಾಟ್ನಿ ಎಂದರೆ ಬಳ್ಳಿಯ ಹಳೆಯ ಕಡ್ಡಿಗಳನ್ನು ಕತ್ತರಿಸಿ ಹೊಸ ಚಿಗುರಿಗೆ ದಾರಿ ಮಾಡುವುದು. ಕತ್ತರಿಸಿದ ಕಡ್ಡಿ ಬದುವಿನಲ್ಲಿ ರಾಶಿ ಬಿದ್ದಿರುತ್ತದೆ. ದಿನಾ ಒಂದು ಹೊರೆ ಕಡ್ಡಿಯನ್ನು ಅವಳು ಬಸ್ಸಿನಲ್ಲಿ ತಂದಳು. ನೀರಲ್ಲಿ ನೆನೆಸಿದರೆ ಕಡ್ಡಿ ಮುರಿಯದೆ ಬಾಗುತ್ತದೆ ಎಂದು ನಮಗೆಲ್ಲ ತೋರಿಸಿಕೊಟ್ಟಳು. ಒಣದ್ರಾಕ್ಷಿ ಮಾಡುವ ಶೆಡ್ಡಿನ ಹರಿದ ಹಸಿರು ಬಲೆಯಿಂದ ಎಲೆಗಳನ್ನು ಕತ್ತರಿಸಿದಳು. ಹಣ್ಣಿಗೆ ಮಾತ್ರ ನಮ್ಮೆಲ್ಲರ ಹತ್ತಿರ ಬಂದಳು.

"ಹ್ವಾದ ವರ್ಷದ ನೋಟಬುಕ್ಕಿನ ಒಂದ ಹಾಳಿ ಕೊಡ್ರಿ. ನಿಮ್ಮ ಕೈಯಿಂದ ಬರದದ್ದ ಇರಬೇಕು."

ನಾನು ಕೆಮ್ಮಿ, ಹೆಡ್ಮಾಸ್ತರರಾಗಿ ಕೇಳಿದೆ, "ಯಾಕವ್ವಾ, ಅರ್ಜಿ ಬರದ ಕೊಟ್ಟೀ ಏನು?"

"ಅರ್ಜಿ ಬ್ಯಾಡ್ರಿ ಸರ್, ಗಣಿತದ ಹಾಳಿ ಕೊಡ್ರಿ. ನಿಮ್ದು ಹೆಂಗೂ ತಪ್ಪ ಇರತೈತಿ, ಹರದ್ರ ಪಾಪ ಬರಂಗಿಲ್ಲ."

ವರ್ಗವೆಲ್ಲ ನಕ್ಕಿತು. ನಾನು ಎರಡು ಹಾಳೆ ಕೊಟ್ಟೆ.

ಹಾಳೆಗಳನ್ನು ಚೂರು ಮಾಡಿ, ಒಬ್ಬೊಬ್ಬರದನ್ನು ಬೇರೆ ಬೇರೆ ನೆನೆಸಿ, ಕುಟ್ಟಿ, ನೀರು ಹಿಂಡಿ, ಮೈದಾ ಅಂಟು ಕಲಸಿ ಉಂಡೆ ಕಟ್ಟಿದಳು. ಒಬ್ಬರಿಗೆ ಒಂದು ಹಣ್ಣು. ಹಸಿ ಇರುವಾಗಲೇ ಕಡ್ಡಿ ಚುಚ್ಚಿ ದಾರಕ್ಕೆ ತೂತು ಮಾಡಿದಳು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತವೆಂದು ಕೋಣೆಯ ಮೂಲೆಯಲ್ಲಿ ಬಲೆಯ ಮೇಲೆ ನೆರಳಿಗೆ ಹರಡಿದಳು. ಒಣಗಿದ ಮೇಲೆ ಬಣ್ಣ ಹಚ್ಚಿ ಗೊಂಚಲು ಕಟ್ಟುವುದು, ಹಬ್ಬ ಮುಗಿದ ಮೇಲೆ ಆ ಗೊಂಚಲನ್ನು ಬಬಲೇಶ್ವರಕ್ಕೆ ಒಯ್ಯುವುದು ಅವಳ ಲೆಕ್ಕ. "ಟೀಚರ್ ಹೂಂ ಅಂದಾರ" ಎಂದು ನನಗೇ ಹೇಳಿದ್ದಳು.

ಆ ವಾರ ಮೋಡ ಬಿಡಲಿಲ್ಲ. ಹಣ್ಣು ಒಣಗಲಿಲ್ಲ. ಅವಳು ಊಟದ ಬಿಡುವಿನಲ್ಲಿ ಹೋಗಿ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿ ಬರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು. ನನ್ನ ತಲೆ ಕೆಲಸ ಮಾಡತೊಡಗಿದ್ದು ಅಲ್ಲಿಂದ, ಕೆಟ್ಟದ್ದೂ ಅಲ್ಲಿಂದ.

ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟ ಕೂಡಲೇ ವಿಜಯಪುರದ ಬಸ್ಸು ಹತ್ತಿದೆ. ಬಜಾರದಲ್ಲಿ ಅಲಂಕಾರದ ಸಾಮಾನಿನ ಅಂಗಡಿ ಹುಡುಕಿ ಪ್ಲಾಸ್ಟಿಕ್ ದ್ರಾಕ್ಷಿಯ ಗೊಂಚಲುಗಳನ್ನು ಕೊಂಡೆ. ದ್ರಾಕ್ಷಿಯ ಊರಿನವನು ಪೇಟೆಗೆ ಹೋಗಿ ಪ್ಲಾಸ್ಟಿಕ್ ದ್ರಾಕ್ಷಿ ಕೊಳ್ಳುವುದು! ಮನೆಗೆ ಬಂದು ಹಿತ್ತಲಲ್ಲಿ ಕೂತು ಅವಕ್ಕೆ ಮಣ್ಣು ಬಳಿಯುತ್ತಿದ್ದಾಗ ಅಬ್ಬಾ ಅಂಗಡಿಯಿಂದ ಇಣುಕಿದರು.

"ಏನ್ ಮಾಡಾಕತ್ತೀಯಲೇ?"

"ಕಸ ಮಾಡಾಕತ್ತೇನಿ ಅಬ್ಬಾ. ಸಾಲ್ಯಾಗ ಕಸ ಬೇಕಂತ."

"ಮಷಿನ್ ಬುಡಕ ಚಿಂದಿ ಮಣಕಾಲ ಮಟ ಬಿದ್ದೈತಿ. ಅದ ಕಾಣಲಿಲ್ಲಾ ನಿನಗ? ಬಸ್ ಹತ್ತಿ ಹೋಗಿ ಹೊಸಾದ ತಂದು ಹೊಲಸ ಮಾಡಾಕ ಕುಂತಾನ! ಯಾ ಅಲ್ಲಾ, ಇವನ ಅಳತಿ ಯಾವಾಗ ತಪ್ಪಿತು?"

ಭಾನುವಾರ ಬೆಳಿಗ್ಗೆ, ಬಾಗಿಲಿನ ತೋರಣದ ಕೆಲಸ ಬಾಕಿ ಇದೆ ಎಂದು ಹೇಳಿ ಸಾಲೆಯ ಸಿಪಾಯಿಯ ಹತ್ತಿರ ಕೀಲಿ ತೆಗೆದುಕೊಂಡೆ. ಕೋಣೆಯಲ್ಲಿ ಒಬ್ಬನೇ. ಮೂಲೆಯ ಬಲೆಯ ಮೇಲೆ ಅವಳ ಹಣ್ಣುಗಳು ಬೂದು ಬಣ್ಣಕ್ಕೆ ತಿರುಗಿ, ಮುದುಡಿ, ಸೊಟ್ಟಗಾಗಿ ಕುಳಿತಿದ್ದವು. ಶಾಯಿ ಕರಗಿ ಅಲ್ಲಲ್ಲಿ ನೀಲಿ ಕಲೆ. ಕೆಟ್ಟವು ಎಂದುಕೊಂಡೆ. ಒಣಗಿದರೆ ಮುದ್ದೆ ಕುಗ್ಗುತ್ತದೆ, ಬಣ್ಣ ಬೀಳುವ ತನಕ ಹಾಗೆಯೇ ಇರುತ್ತದೆ ಎಂದು ನನಗೇನು ಗೊತ್ತು? ಒಂದನ್ನು ಒತ್ತಿ ನೋಡಿದ್ದರೂ ತಿಳಿಯುತ್ತಿತ್ತು. ಒತ್ತಲಿಲ್ಲ. ಸೋಮವಾರ ಅವಳು ಬಂದು ಅವನ್ನು ಕಂಡು ಅಳುವುದಕ್ಕಿಂತ, ತುಂಬಿದ ಹಂದರ ಕಂಡು ನಗಲಿ. ಈ ಹೊಳೆಯುವ ಗೊಂಚಲನ್ನೇ ಬಬಲೇಶ್ವರಕ್ಕೆ ಒಯ್ಯಲಿ. ಹಾಗೆಂದು ಎಲ್ಲವನ್ನೂ ಬಾಚಿ, ಕತ್ತರಿಸಿ ಉಳಿದ ಚೂರುಗಳ ಚೀಲಕ್ಕೆ ಹಾಕಿ ಗೇಟಿನ ಹತ್ತಿರ ಇಟ್ಟು ಬಂದೆ. ಗೊಂಚಲು ಕಟ್ಟಿದೆ. ಕೆಳಗೆ ಚೀಟಿಯನ್ನೂ ಅಂಟಿಸಿದೆ: 'ಮೊದಲು ಮದುವೆ ಮಂಟಪದಲ್ಲಿತ್ತು.'

ಸೋಮವಾರ ಬೆಳಗಿನ ಜಾವ ಪಂಚಾಯ್ತಿಯ ಕಸದ ಗಾಡಿ ಆ ಚೀಲವನ್ನು ಒಯ್ದಿತು.

ಅವಳು ಬಂದಳು. ಹಂದರ ನೋಡಲಿಲ್ಲ, ನೇರ ಮೂಲೆಗೆ ಹೋದಳು. ಬರೀ ಬಲೆ. ತಿರುಗಿ ಗೋಡೆ ನೋಡಿದಳು. ಅಷ್ಟರಲ್ಲಿ ಟೀಚರ್ ಬಂದು ಚೀಟಿ ಓದಿದರು, ಗೊಂಚಲನ್ನು ಮಗುಚಿದರು. ಒಂದು ಎಲೆಯ ಅಡಿಯಲ್ಲಿ ಅಂಗಡಿಯ ಬೆಲೆಯ ಸ್ಟಿಕ್ಕರ್ ಬೆಳ್ಳಗೆ ಇತ್ತು. ಊರಿನ ಮಣ್ಣನ್ನೆಲ್ಲ ಬಳಿದವನು ಅಲ್ಲಿಗೆ ಬಳಿದಿರಲಿಲ್ಲ.

"ಯಾವ ಮದವಿ ಮಂಟಪಲೇ ಇದು? ರೇಟ್ ಸಮೇತ ಲಗ್ನ ಆತೇನು?" ಎಂದರು ಟೀಚರ್.

ವರ್ಗ ಬಿದ್ದು ಬಿದ್ದು ನಕ್ಕಿತು. ನಾನೂ ನಗಲು ನೋಡಿದೆ. ಅವಳೊಬ್ಬಳು ಕೇಳಿದಳು, "ಹಣ್ಣ ಎಲ್ಲಿ ಇಟ್ಟೀ?"

ಹೇಳಿದೆ. ಆಗ ಬಾಯಿಗೆ ಯಾರ ಧ್ವನಿಯೂ ಬರಲಿಲ್ಲ, ಕೋಳಿಯದೇ ಬಂತು. ನಗು ನಿಂತಿತು. ಎಲ್ಲರ ಹಾಳೆಯೂ ಅದರಲ್ಲಿತ್ತಲ್ಲ.

ಊಟದ ಬಿಡುವಿನಲ್ಲಿ ನಾನು ಊರಾಚೆ ಕಸ ಸುರಿಯುವ ಜಾಗದವರೆಗೆ ಓಡಿದೆ. ಅಲ್ಲಿ ಎರಡು ಗಾಡಿ ಸುರಿದು, ನೀರು ನಿಂತು, ಕಾಗದವೆಲ್ಲ ಮತ್ತೆ ಕಾಗದದ ಮುದ್ದೆಯಾಗಿತ್ತು. ಮರಳಿ ಬಂದಾಗ ಅವಳು ಬೆಂಚಿನ ಮೇಲೆ ನಿಂತು ಪ್ಲಾಸ್ಟಿಕ್ ಗೊಂಚಲುಗಳನ್ನು ಬಿಚ್ಚುತ್ತಿದ್ದಳು. ಹೊಸ ಹಣ್ಣು ಮಾಡೋಣ ಎಂದರು ಟೀಚರ್. "ಒಂದ ದಿನದಾಗ ಒಣಗಂಗಿಲ್ಲರಿ" ಎಂದಳು. ಹಸಿರು ಎಲೆಗಳಲ್ಲೂ ದೊಡ್ಡವನ್ನೆಲ್ಲ ಕಿತ್ತು, ಕಡ್ಡಿಯ ಗಿಣ್ಣಿನಲ್ಲಿ ಉಗುರಿನಷ್ಟು ಚಿಕ್ಕವನ್ನು ಮಾತ್ರ ಉಳಿಸಿದಳು. ನಾನು ಕೆಳಗೆ ನಿಂತು ಬೆಂಚು ಹಿಡಿದೆ. ಅವಳು ಹಿಡಿಯಬೇಡ ಎನ್ನಲಿಲ್ಲ. ಅಷ್ಟೇ.

ಈಗ ವಿಜಯಪುರದ ಜಲನಗರದಲ್ಲಿ ನನ್ನ ಫುಫುವಿನ, ಎಂದರೆ ಅಬ್ಬಾ ಅವರ ಅಕ್ಕನ, ಮನೆಯಲ್ಲಿದ್ದು ಡಿಗ್ರಿ ಓದುತ್ತೇನೆ. ಕಾಲೇಜಿನಲ್ಲಿಯೂ ಧ್ವನಿ ನಕಲು ಮಾಡುತ್ತೇನೆ, ಪ್ರಿನ್ಸಿಪಾಲರದ್ದು ಚೆನ್ನಾಗಿಯೇ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾ ಬಸ್ಸಿಗೆ ಕಾಯುವಾಗ ಬಬಲೇಶ್ವರದ ಬೋರ್ಡಿನ ಬಸ್ಸು ಬಂದು ಎದುರಿಗೇ ನಿಲ್ಲುತ್ತದೆ. ಒಂದು ತಾಸಿನ ದಾರಿಯೂ ಅಲ್ಲ. ಇಳಿಯುವವರ ಮುಖಗಳನ್ನೆಲ್ಲ ನೋಡುತ್ತೇನೆ, ಹತ್ತುವವರ ಮುಖಗಳನ್ನೂ. ಬಸ್ಸು ಹೋಗುತ್ತದೆ. ಅವಳು ಹೇಗೆ ನಡೆಯುತ್ತಿದ್ದಳು, ಹೇಗೆ ಬಸ್ಸಿನಿಂದ ಕಡ್ಡಿಯ ಹೊರೆ ಇಳಿಸುತ್ತಿದ್ದಳು, ಎಲ್ಲ ಮಾಡಿ ತೋರಿಸಬಲ್ಲೆ. ಅವಳ ಧ್ವನಿಯನ್ನು ಮಾತ್ರ ಇವತ್ತಿನವರೆಗೂ ನಕಲು ಮಾಡಿಲ್ಲ. ಬಾಗಿಲು ಹಾಕಿಕೊಂಡು ಒಮ್ಮೆ ಪ್ರಯತ್ನಿಸಿದೆ. ಮೊದಲ ಶಬ್ದಕ್ಕೇ ಬಿಟ್ಟು ಬಾಗಿಲು ತೆರೆದೆ.

ಆ ವರ್ಷ ರಾಜ್ಯೋತ್ಸವದ ದಿನ ಅವಳ ಅಪ್ಪ ಬಂದಿದ್ದ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಹಿಂದಿನ ಗೋಡೆಯ ಎದುರು ಬಹಳ ಹೊತ್ತು ನಿಂತು, ಒಂದು ಕಡ್ಡಿಯ ಬಾಗನ್ನು ಹೆಬ್ಬೆರಳಿನಿಂದ ಸವರಿದ. ಹೆಡ್ಮಾಸ್ತರರು ಕೋಣೆ ಕೋಣೆ ನೋಡುತ್ತ ಒಳಗೆ ಬಂದರು. ಎರಡು ಸಲ ಕೆಮ್ಮಿದರು.

"ಹಂದರ ಚಲೋ ಆಗೇತಿ. ಹಣ್ಣ ಯಾಕ ಇಲ್ಲವ್ವಾ?"

ಟೀಚರ್ ನನ್ನತ್ತ ನೋಡಿದರು. ವರ್ಗವೆಲ್ಲ ನನ್ನತ್ತ ನೋಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, "ಚಾಟ್ನಿ ಈಗ ಆಗೇತ್ರಿ ಸರ್."

ಹೆಡ್ಮಾಸ್ತರರಿಗೂ ಸ್ವಂತ ತೋಟವಿತ್ತು. ಗೋಡೆಯನ್ನು ಮತ್ತೊಮ್ಮೆ ನೋಡಿ, "ಹೌದಲ್ಲ, ಖರೇನ ನಮ್ಮ ತ್ವಾಟ ನೋಡಿದಂಗ ಆತು" ಎಂದು ತಲೆದೂಗಿ ಮುಂದಿನ ಕೋಣೆಗೆ ಹೋದರು.

ಮಧ್ಯಾಹ್ನ ಅವಳು ಚೀಲ ಹೆಗಲಿಗೇರಿಸಿ, ಮುಂದೆ ಹೋಗುತ್ತಿದ್ದ ಅಪ್ಪನ ಹಿಂದೆ ಗೇಟು ದಾಟುತ್ತಿದ್ದಳು. ತಪ್ಪಾಯಿತು ಎನ್ನಲು ಓಡಿ ಹೋದೆ. ಹತ್ತಿರ ಹೋದಾಗ ಧೈರ್ಯ ಸಾಲಲಿಲ್ಲ. ಹಾಳಾದ ಅಭ್ಯಾಸ, ಎರಡು ಸಲ ಕೆಮ್ಮಿ ಹೆಡ್ಮಾಸ್ತರರ ಧ್ವನಿಯಲ್ಲೇ ಕೇಳಿದೆ, "ಹಂಗಾರ ಹಣ್ಣ ಯಾವಾಗವ್ವಾ?"

ಅವಳು ನಿಂತಳು. ತಿರುಗಲಿಲ್ಲ.

"ಶಿವರಾತ್ರಿ ಹೊತ್ತಿಗೆ ಬರತಾವ್ರಿ ಸರ್. ಅವಾಗ ನಾ ಇರಂಗಿಲ್ಲ. ನಿಮ್ಮ ಹುಡುಗಗ ಹೇಳ್ರಿ, ಅವನ್ನರೆ ಚೆಲ್ಲಬ್ಯಾಡ ಅಂತ."