ಸ್ಸ್ ಎಂದರೆ ಮಾತ್ರ

ಆದಿವಾಲದ ಹೇಮಾವತಿ ಲ್ಯಾಬ್ ಟೆಕ್ನಿಷಿಯನ್ ಓದಿದವಳು. ಮದುವೆಯಾದ ಮೇಲೆ ಆ ಓದು ಯಾರಿಗೂ ಬೇಕಾಗಲಿಲ್ಲ. ಮಗಳು ಕಾವ್ಯಶ್ರೀಗೆ ಎರಡೂವರೆ ತುಂಬಿದಾಗ ಹಿರಿಯೂರಿನ ಒಂದು ಲ್ಯಾಬಿನವರು ಜೂನ್‌ನಿಂದ ಕೆಲಸಕ್ಕೆ ಬಾ ಎಂದರು. ಮಗುವನ್ನು ಅಲ್ಲೇ ಹತ್ತಿರದ ಶಿಶುವಿಹಾರದಲ್ಲಿ ಬಿಡುವುದೆಂದಾಯಿತು. ಶಿಶುವಿಹಾರದವರದು ಒಂದೇ ಷರತ್ತು: ಡೈಪರ್ ಇರಬಾರದು, ಒಂದಕ್ಕೋ ಎರಡಕ್ಕೋ ಬಂದಾಗ ಮಗು ತಾನೇ ಹೇಳಬೇಕು.

ಅತ್ತೆ ಹುಚ್ಚಕ್ಕ ನಕ್ಕುಬಿಟ್ಟಳು. “ನನ್ ಮೊಮ್ಮಗ್ಳು ಕೂಸಿದ್ದಾಗ್ಲೇ ಕಲ್ತಾಳೆ ಕಣೆ.”

ಸುಳ್ಳಲ್ಲ. ಅಜ್ಜಿ ಪಾದಗಳ ಮೇಲೆ ಕೂರಿಸಿಕೊಂಡು ‘ಸ್ಸ್’ ಎಂದರೆ ಮಗು ಉಚ್ಚೆ ಹುಯ್ಯುತ್ತಿತ್ತು. ಆದರೆ ಹೊತ್ತು ಲೆಕ್ಕವಿಟ್ಟವಳು ಅಜ್ಜಿ, ಸ್ಸ್ ಎಂದವಳೂ ಅಜ್ಜಿ. ತನಗೆ ಬಂತೆಂದು ತಾನೇ ಹೇಳುವ ಪ್ರಮೇಯ ಮಗುವಿಗೆ ಬಂದಿರಲೇ ಇಲ್ಲ.

ಶಿಶುವಿಹಾರಕ್ಕೆ ಕರೆದೊಯ್ದ ದಿನ ಕಾವ್ಯಶ್ರೀ ನಿಂತಲ್ಲೇ ಒದ್ದೆಯಾದಳು. ಮನೆಯಲ್ಲಿ ಸ್ಸ್ ಎನ್ನುವ ರೂಢಿಯಿದೆ ಎಂದು ಹೇಮಾವತಿ ವಿವರಿಸಹೋದಳು.

“ಹಂಗಾದ್ರೆ ಅಜ್ಜೀನೂ ಅಡ್ಮಿಷನ್ ಮಾಡ್ಸಮ್ಮ,” ಎಂದಳು ಅಲ್ಲಿಯ ಆಯಾ.

ಆ ಮಾತು ಹುಚ್ಚಕ್ಕನ ಕಿವಿಗೆ ಬಿತ್ತು. ಅವಳ ಸಿಟ್ಟೆಲ್ಲ ಮಗುವಿನ ಮೇಲೆ ತಿರುಗಿತು. “ಚಡ್ಡೀಲಿ ಮಾಡ್ದೆ ಅಂದ್ರೆ ಬರೆ ಹಾಕ್ತೀನಿ ನೋಡ್ಲೇ,” ಎಂದು ಕಾಯಿಸಿದ ಸೌಟು ತೋರಿಸಿದಳು. ಬರೆಯೇನೂ ಹಾಕಲಿಲ್ಲ. ಆದರೆ ಮಗು ಅಂದಿನಿಂದ ಕಕ್ಕ ಮಾಡುವುದನ್ನೇ ನಿಲ್ಲಿಸಿತು. ಬಂದರೆ ಕಾಲು ಬಿಗಿದುಕೊಂಡು ಬಾಗಿಲ ಹಿಂದೆ ನಿಂತು ಬೆವರುತ್ತಿತ್ತು. ಕೊನೆಗೆ ಗಟ್ಟಿಯಾಗಿ, ರಕ್ತ ಸಮೇತ ಬಂತು.

ಹಿರಿಯೂರಿನ ಮಕ್ಕಳ ಡಾಕ್ಟರು ಮಲ ಮೆತ್ತಗಾಗಲು ಔಷಧಿ ಬರೆದರು. “ಕಲಿಸೋದು ಸದ್ಯಕ್ಕೆ ನಿಲ್ಲಿಸ್ರಿ. ನೋವು ಮರೀಲಿ. ಅಲ್ಲೀವರೆಗೂ ಡೈಪರ್ ಇರ್ಲಿ.”

“ಜೂನ್‌ಗೆ ನಾನು ಕೆಲಸಕ್ಕೆ ಹೋಗ್ಬೇಕು ಸಾರ್.”

“ಜೂನ್ ನಿಮಗೆ ಬರುತ್ತೆ ಕಣಮ್ಮ, ಅವಳಿಗಲ್ಲ. ಒಂದೆರಡು ಗಂಟೆ ಚಡ್ಡಿ ಒಣಗಿರ್ತದಾ, ಒದ್ದೆಯಾದ್ರೆ ಕಿರಿಕಿರಿ ಮಾಡ್ಕೊಳ್ತಾಳಾ, ಬರೋ ಮುಂಚೆ ಗೊತ್ತಾಗ್ತದಾ, ಚಡ್ಡಿ ತಾನೇ ಎಳ್ಕೋತಾಳಾ, ಅದನ್ನ ನೋಡ್ರಿ. ಆಮೇಲೆ ನಿಧಾನಕ್ಕೆ.”

ಲ್ಯಾಬಿನವರು ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡರು.

ಹೊಟ್ಟೆ ಸರಿಹೋದ ಮೇಲೆ ಹೇಮಾವತಿ ಮಕ್ಕಳು ಕಕ್ಕಕ್ಕೆ ಕೂರುವ ಪ್ಲಾಸ್ಟಿಕ್ ಪಾಟಿ ತಂದು ನಡುಮನೆಯಲ್ಲಿಟ್ಟಳು. ಮೊದಮೊದಲು ಮಗು ಬಟ್ಟೆ ಹಾಕಿಕೊಂಡೇ ಅದರ ಮೇಲೆ ಕೂತು ಆಡಿತು. ಆಮೇಲೆ ಊಟವಾದ ಮೇಲೆ ಸ್ವಲ್ಪ ಹೊತ್ತು ಕೂರುವ ಅಭ್ಯಾಸ, ಕಾಲು ನೆಲಕ್ಕೆ ಊರಿ. ಎದ್ದರೆ ತಡೆಯುವಂತಿಲ್ಲ, ಚಡ್ಡಿ ಒದ್ದೆಯಾದರೆ ಬೈಯುವಂತಿಲ್ಲ. ಸ್ಸ್ ಎನ್ನುವುದು ಪೂರ್ತಿ ನಿಂತಿತು. ಅದಕ್ಕಾಗಿ ಅವಳು ಅತ್ತೆಯೊಂದಿಗೆ ಜಗಳವಾಡಿದಳು. ಒಂದೊಂದು ದಿನ ಆಗುತ್ತಿತ್ತು, ಒಂದೊಂದು ದಿನ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಾವ್ಯಶ್ರೀ ಆಟ ಬಿಟ್ಟು ಓಡಿ ಬಂದು, “ಅಮ್ಮಾ, ಬಂತು,” ಎನ್ನತೊಡಗಿದಳು.

“ನಾನು ಕಲ್ಸಿದ್ದು,” ಎಂದು ಹುಚ್ಚಕ್ಕ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡಳು.

ಆ ಸಂಜೆ ಹೇಮಾವತಿ ಗಂಡ ಲಕ್ಷ್ಮೀಕಾಂತನಿಗೆ, ಇನ್ನು ಶಿಶುವಿಹಾರಕ್ಕೆ ಸೇರಿಸಬಹುದು, ಬೇರೆ ಲ್ಯಾಬಿನಲ್ಲಿ ಕೇಳಿ ನೋಡುತ್ತೇನೆ ಎಂದಳು.

ಉತ್ತರ ಕೊಟ್ಟವಳು ಅತ್ತೆ. “ಈಗ ಮಗೀಂದು ಏನೂ ತ್ರಾಸಿಲ್ಲ, ಮನೇಲೇ ಇರ್ಲಿ. ಇನ್ನೊಂದು ಕೂಸಾಗ್ಲಿ ಬಿಡೇ.”

ಲಕ್ಷ್ಮೀಕಾಂತ ಟೀವಿಯ ಸದ್ದು ಜಾಸ್ತಿ ಮಾಡಿದ.